ಬಾಗಿಲಿಗೆ ಬಂದ ಸಮನ್ಸು



ಹೋದ ವಾರ ಪಾಠ ಮುಗಿದ ಮೇಲೆ ನಮ್ಮ ಕೇಂದ್ರದ ಒಬ್ಬ ಅಕ್ಕ ಹಿಂದೆ ಉಳಿದರು. ಎಲ್ಲರೂ ಹೋಗುವ ತನಕ ಸುಮ್ಮನೆ ಕೂತಿದ್ದರು. ಆಮೇಲೆ ಸೆರಗಿನಲ್ಲಿ ಸುತ್ತಿದ್ದ ಒಂದು ಕಾಗದ ತೆಗೆದು ನನ್ನ ಕೈಗೆ ಕೊಟ್ಟರು. "ಮೇಡಂ, ಇದು ಪೊಲೀಸಿನದಾ? ನನ್ನ ಹಿಡಕೊಂಡು ಹೋಗ್ತಾರಾ?" ಅಂತ ಕೇಳಿದರು. ಅವರ ಕೈ ನಡುಗುತ್ತಿತ್ತು. ಕಾಗದ ಬಂದು ಒಂಬತ್ತು ದಿನ ಆಗಿತ್ತು. ಒಂಬತ್ತು ದಿನವೂ ಅದನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟಿದ್ದರು.

ಅದು ಪೊಲೀಸಿನ ಕಾಗದ ಅಲ್ಲ. ಅದು ಸಿವಿಲ್ ಕೋರ್ಟಿನ ಸಮನ್ಸು. ಇವತ್ತು ನಾವು ಅದೇ ಕಾಗದದ ವಿಚಾರ ಮಾತಾಡೋಣ. ಒಂದು ಸಿವಿಲ್ ದಾವೆ ಎಲ್ಲಿ ಹುಟ್ಟುತ್ತದೆ, ಹೇಗೆ ನಡೆಯುತ್ತದೆ, ಎಲ್ಲಿ ಮುಗಿಯುತ್ತದೆ? ಸಮನ್ಸು ಬಂದಾಗ ಸುಮ್ಮನಿದ್ದರೆ ಏನಾಗುತ್ತದೆ? ಇದನ್ನು ಒಂದು ಕತೆಯ ಹಾಗೆ ಹೇಳುತ್ತೇನೆ. ಕತೆಯ ಹೆಂಗಸಿಗೆ ಸಿದ್ದಮ್ಮ ಅಂತ ಹೆಸರಿಟ್ಟುಕೊಳ್ಳೋಣ. ಸಿದ್ದಮ್ಮ ನಾವು ಕಟ್ಟಿಕೊಂಡ ಹೆಸರು. ಅವಳ ಲೆಕ್ಕವೂ ನಾವು ಮಾಡಿಕೊಂಡದ್ದು. ಆದರೆ ಕೋರ್ಟಿನ ದಾರಿ ಮಾತ್ರ ನಿಜವಾಗಿ ಇರುವ ದಾರಿ.

ಸಿದ್ದಮ್ಮನಿಗೆ ಎರಡು ಎಕರೆ ಹೊಲ. ಗಂಡ ಇಲ್ಲ. 2021ರ ಜೂನ್ ತಿಂಗಳಲ್ಲಿ ಬಿತ್ತನೆಗೆ ಮತ್ತು ಮಗಳ ಮದುವೆಯ ಬಾಕಿ ತೀರಿಸಲಿಕ್ಕೆ ಪೇಟೆಯ ಗೊಬ್ಬರದ ಅಂಗಡಿ ಯಜಮಾನರಲ್ಲಿ 60,000 ರೂಪಾಯಿ ಕೈಸಾಲ ತೆಗೆದುಕೊಂಡಳು. ಬಡ್ಡಿ ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ. ಪ್ರೋನೋಟು ಬರೆದು ಹೆಬ್ಬೆಟ್ಟು ಒತ್ತಿದಳು. ಒಂದು ವರ್ಷ ಕಳೆದ ಮೇಲೆ, 2022ರ ಜೂನ್‌ನಲ್ಲಿ, ಕಡಲೆಕಾಯಿ ಮಾರಿದ ಹಣದಲ್ಲಿ 30,000 ರೂಪಾಯಿ ವಾಪಸು ಕೊಟ್ಟಳು. ಆ ಹಣ ಬ್ಯಾಂಕಿನ ಮೂಲಕ ಯಜಮಾನರ ಖಾತೆಗೆ ಹೋಯಿತು. ಸಿದ್ದಮ್ಮ ರಸೀದಿ ಕೇಳಲಿಲ್ಲ. ಪ್ರೋನೋಟಿನ ಹಿಂದೆ ಇಷ್ಟು ಹಣ ಬಂತು ಅಂತ ಬರೆಸಲೂ ಇಲ್ಲ. ಮುಂದಿನ ವರ್ಷ ಮಳೆ ಕೈಕೊಟ್ಟಿತು. ಉಳಿದ ಹಣ ಕೊಡಲಾಗಲಿಲ್ಲ.

ಯಜಮಾನರು 2023ರ ಜೂನ್‌ನಲ್ಲಿ ವಕೀಲರ ಹತ್ತಿರ ಹೋದರು. ಕೈಸಾಲದ ಹಣಕ್ಕೆ ಮೂರು ವರ್ಷದೊಳಗೆ ದಾವೆ ಹಾಕಬೇಕು ಅಂತ ಕಾನೂನಿದೆ. ಅವರು ಎರಡು ವರ್ಷಕ್ಕೇ ಹಾಕಿದರು. ತಾಲ್ಲೂಕಿನ ಸಿವಿಲ್ ಕೋರ್ಟಿನಲ್ಲಿ ಹಾಕಿದರು. ಹಿರಿಯರು ಈಗಲೂ ಅದನ್ನು ಮುನ್ಸೀಫ್ ಕೋರ್ಟು ಅಂತಲೇ ಕರೆಯುತ್ತಾರೆ.

ದಾವೆ ಹಾಕುವವರು ಮೊದಲು ಒಂದು ದೊಡ್ಡ ಅರ್ಜಿ ಬರೆಸುತ್ತಾರೆ. ಅದಕ್ಕೆ ವಾದಪತ್ರ ಅಂತ ಹೆಸರು. ಯಾರು ಕೇಳುತ್ತಿದ್ದಾರೆ, ಯಾರಿಂದ ಕೇಳುತ್ತಿದ್ದಾರೆ, ಏನು ನಡೆಯಿತು, ಯಾವತ್ತು ನಡೆಯಿತು, ಎಷ್ಟು ಬೇಕು, ಎಲ್ಲವನ್ನೂ ಅದರಲ್ಲಿ ಬರೆಯಬೇಕು. ಕೇಳುವವರು ವಾದಿ. ಯಾರ ಮೇಲೆ ಕೇಳುತ್ತಾರೋ ಅವರು ಪ್ರತಿವಾದಿ. ಇಲ್ಲಿ ಯಜಮಾನರು ವಾದಿ. ಸಿದ್ದಮ್ಮ ಪ್ರತಿವಾದಿ. ಪ್ರತಿವಾದಿ ಅಂದರೆ ತಪ್ಪು ಮಾಡಿದವಳು ಅಂತ ಅರ್ಥ ಅಲ್ಲ. ಉತ್ತರ ಹೇಳಬೇಕಾದವಳು ಅಂತ ಅಷ್ಟೇ.

ಯಜಮಾನರು ಕೇಳಿದ್ದು ಹೀಗೆ. ಅಸಲು 60,000. ಎರಡು ವರ್ಷದ ಬಡ್ಡಿ 14,400. ಒಟ್ಟು 74,400 ರೂಪಾಯಿ. ಸಿದ್ದಮ್ಮ ಕೊಟ್ಟ 30,000ದ ಮಾತೇ ವಾದಪತ್ರದಲ್ಲಿ ಇರಲಿಲ್ಲ. ಮರೆತರೋ, ಬೇಕಂತಲೇ ಬಿಟ್ಟರೋ, ನಮಗೆ ಗೊತ್ತಿಲ್ಲ. ಕೋರ್ಟಿಗೂ ಗೊತ್ತಿರಲಿಲ್ಲ. ಕೋರ್ಟು ವಾದಪತ್ರ ನೋಡಿ, ಶುಲ್ಕ ಕಟ್ಟಿದ್ದಾರಾ ಅಂತ ನೋಡಿ, ಅದಕ್ಕೊಂದು ನಂಬರು ಕೊಟ್ಟಿತು. ಈ ನಂಬರಿಗೆ ಅಸಲು ದಾವೆ ಸಂಖ್ಯೆ ಅಂತಾರೆ. ಕೊನೆಯ ತನಕ ದಾವೆಯ ಗುರುತು ಈ ನಂಬರೇ.

ಈಗ ಕೋರ್ಟು ಸಿದ್ದಮ್ಮನಿಗೆ ಹೇಳಿ ಕಳಿಸಬೇಕು. ಒಬ್ಬರ ಮಾತು ಕೇಳಿ ಇನ್ನೊಬ್ಬರ ಮೇಲೆ ತೀರ್ಪು ಕೊಡಬಾರದಲ್ಲ. ಹೇಳಿ ಕಳಿಸುವ ಕಾಗದವೇ ಸಮನ್ಸು. "ನಿಮ್ಮ ಮೇಲೆ ಇಂಥವರು ದಾವೆ ಹಾಕಿದ್ದಾರೆ. ಇಂಥ ದಿನ ಬಂದು ನಿಮ್ಮ ಉತ್ತರ ಹೇಳಿ" ಅಂತ ಅದರಲ್ಲಿ ಇರುತ್ತದೆ. ಜೊತೆಗೆ ವಾದಪತ್ರದ ನಕಲೂ ಇರಬೇಕು. ಯಾಕೆ ಕರೆದಿದ್ದಾರೆ ಅಂತ ತಿಳಿಯದೆ ಉತ್ತರ ಕೊಡುವುದು ಹೇಗೆ?

ಇಲ್ಲಿ ಸ್ವಲ್ಪ ನಿಲ್ಲೋಣ. ನೀವೆಲ್ಲ ಈಗ ಓದಬಲ್ಲಿರಿ. ಸಮನ್ಸು ಕೈಗೆ ಬಂದರೆ ಪೂರ್ತಿ ಓದಲಿಕ್ಕೆ ಹೋಗಬೇಡಿ. ಕೋರ್ಟಿನ ಕನ್ನಡ ನನಗೂ ಕಷ್ಟ. ನಾಲ್ಕು ಸಂಗತಿ ಮಾತ್ರ ಹುಡುಕಿ. ಯಾವ ಊರಿನ ಯಾವ ಕೋರ್ಟು ಅಂತ ಮೇಲುಗಡೆ ಇರುತ್ತದೆ. ಅದರ ಕೆಳಗೆ ದಾವೆಯ ನಂಬರು ಮತ್ತು ಇಸವಿ. ಆಮೇಲೆ ವಾದಿ ಯಾರು ಅನ್ನೋದು. ನಡುವೆ ಎಲ್ಲೋ ಒಂದು ತಾರೀಕು ಮತ್ತು ಗಂಟೆ. ತಾರೀಕಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಕಾಗದ ನಿಮಗೆ ಯಾವ ದಿನ ಬಂತು ಅಂತ ಅದರ ಬೆನ್ನಿಗೆ ಬರೆದಿಡಿ. ಆ ದಿನ ಮುಂದೆ ಬಹಳ ಬೇಕಾಗುತ್ತದೆ. ಕೋರ್ಟಿನ ಮೊಹರು ಇದೆಯಾ ಅಂತಲೂ ನೋಡಿ.

ಸಿದ್ದಮ್ಮನ ಊರಿಗೆ ಕೋರ್ಟಿನ ಅಮೀನರು ಜುಲೈ ತಿಂಗಳಲ್ಲಿ ಬಂದರು. ಅಮೀನರು ಅಂದರೆ ಕೋರ್ಟಿನ ಕಾಗದ ತಲುಪಿಸುವ ನೌಕರರು. ಪೊಲೀಸರಲ್ಲ. ಸಿದ್ದಮ್ಮ ಜಗಲಿ ಮೇಲೆ ಕಾಳು ಹಸನು ಮಾಡುತ್ತಿದ್ದಳು.

"ಅಮ್ಮಾ, ಕೋರ್ಟಿಂದ ಬಂದೀನಿ. ಇದಕ್ಕೆ ಒಂದು ಸೈನ್ ಮಾಡಿ ಈಸ್ಕೊಳ್ಳಿ" ಅಂದರು.

ಪಕ್ಕದಲ್ಲೇ ಇದ್ದ ಮೈದುನ ಅಡ್ಡ ಬಂದ. "ಅತ್ತಿಗೆ, ಈಸ್ಕೋಬೇಡಿ. ಈಸ್ಕೊಂಡ್ರೆ ಸಾಲ ಒಪ್ಪಿಕೊಂಡಂಗೆ. ತಗೊಳ್ಳದೆ ಇದ್ರೆ ಕೇಸು ಮುಂದಕ್ಕೆ ಹೋಗಲ್ಲ" ಅಂದ.

ಊರಲ್ಲಿ ಇಂಥ ವಕೀಲರು ಬಹಳ ಜನ ಇದ್ದಾರೆ. ಫೀಸೂ ಇಲ್ಲ, ಜವಾಬ್ದಾರಿಯೂ ಇಲ್ಲ. ಮೈದುನ ಹೇಳಿದ್ದು ಎರಡು ಮಾತು. ಎರಡೂ ತಪ್ಪು.

ಮೊದಲನೆಯದು. ಸಮನ್ಸಿಗೆ ಸಹಿ ಹಾಕಿದರೆ ಸಾಲ ಒಪ್ಪಿದ ಹಾಗೆ ಅಲ್ಲ. ಕಾಗದ ತಲುಪಿತು ಅನ್ನುವುದಕ್ಕೆ ಮಾತ್ರ ಆ ಸಹಿ. ದಾವೆಯಲ್ಲಿ ಬರೆದದ್ದೆಲ್ಲ ಸುಳ್ಳು ಅಂತ ಹೇಳುವವರೂ ಸಮನ್ಸಿಗೆ ಸಹಿ ಹಾಕಿಯೇ ಹೇಳುತ್ತಾರೆ.

ಎರಡನೆಯದು. ತಗೊಳ್ಳದೆ ಇದ್ದರೂ ದಾವೆ ನಿಲ್ಲುವುದಿಲ್ಲ. ಸಿದ್ದಮ್ಮ ಕೈಯಾಡಿಸಿ ಬೇಡ ಅಂದಾಗ ಅಮೀನರು ಜಗಳ ಆಡಲಿಲ್ಲ. ಸಮನ್ಸಿನ ಒಂದು ಪ್ರತಿಯನ್ನು ಮನೆಯ ಬಾಗಿಲಿಗೆ ಅಂಟಿಸಿದರು. ಮನೆ ಗುರುತು ಹೇಳಿದವರ ಹೆಸರು ಬರೆದುಕೊಂಡರು. ನೋಡುತ್ತಿದ್ದವರ ಹೆಸರೂ ಬರೆದುಕೊಂಡರು. ಕೋರ್ಟಿಗೆ ಹೋಗಿ, "ಪ್ರತಿವಾದಿ ತೆಗೆದುಕೊಳ್ಳಲು ಒಪ್ಪಲಿಲ್ಲ, ಬಾಗಿಲಿಗೆ ಅಂಟಿಸಿ ಬಂದಿದ್ದೇನೆ" ಅಂತ ವರದಿ ಕೊಟ್ಟರು. ಕೋರ್ಟು ಆ ವರದಿಯನ್ನು ಪರೀಕ್ಷೆ ಮಾಡಿ, ಸಮನ್ಸು ಸರಿಯಾಗಿ ಜಾರಿಯಾಗಿದೆ ಅಂತ ಬರೆಯಿತು. ಅಂದರೆ ಕಾನೂನಿನ ಲೆಕ್ಕದಲ್ಲಿ ಸಮನ್ಸು ಸಿದ್ದಮ್ಮನ ಕೈಗೆ ಬಂದ ಹಾಗೆಯೇ ಆಯಿತು. ಅಂಚೆಯಲ್ಲಿ ಬಂದ ಸಮನ್ಸೂ ಹೀಗೆಯೇ. ಅಂಚೆಯಣ್ಣ "ತೆಗೆದುಕೊಳ್ಳಲು ನಿರಾಕರಿಸಿದರು" ಅಂತ ಬರೆದು ವಾಪಸು ಕಳಿಸಿದರೆ, ಕೋರ್ಟು ಅದನ್ನು ತಲುಪಿದ ಹಾಗೆ ಅಂತ ತೆಗೆದುಕೊಳ್ಳಬಹುದು.

ಮನೆಯಲ್ಲಿ ನಾವೇ ಇಲ್ಲದಿದ್ದರೆ? ಬೇಗ ಸಿಗುವ ಹಾಗಿಲ್ಲ ಅಂದರೆ, ಜೊತೆಯಲ್ಲಿ ವಾಸವಾಗಿರುವ ಮನೆಯ ದೊಡ್ಡವರ ಕೈಗೆ ಕೊಟ್ಟು ಹೋಗಬಹುದು. ಗಂಡಸಾಗಲಿ ಹೆಂಗಸಾಗಲಿ ಆಗುತ್ತದೆ. ಚಿಕ್ಕ ಮಕ್ಕಳ ಕೈಗೆ ಕೊಟ್ಟರೆ ಅದು ಸರಿಯಲ್ಲ. ಕೂಲಿ ಆಳಿನ ಕೈಗೆ ಕೊಟ್ಟರೂ ಸರಿಯಲ್ಲ. ಆದ್ದರಿಂದ ಅತ್ತೆಯೋ ಸೊಸೆಯೋ ಕಾಗದ ಇಸಿದುಕೊಂಡಿದ್ದರೆ ಅದು ಯಾವ ಡಬ್ಬಿಯಲ್ಲಿದೆ ಅಂತ ಮನೆಯಲ್ಲಿ ವಿಚಾರಿಸಿ.

ಸಮನ್ಸಿನಲ್ಲಿ ಇದ್ದ ದಿನ 2023ರ ಆಗಸ್ಟ್ 18. ಆ ದಿನ ಸಿದ್ದಮ್ಮ ಊರಲ್ಲೇ ಇರಲಿಲ್ಲ. ಮಗಳಿಗೆ ಹೆರಿಗೆ ಕಷ್ಟವಾಗಿ ಜಿಲ್ಲಾ ಆಸ್ಪತ್ರೆಗೆ ಸೇರಿಸಿದ್ದರು. ಸಿದ್ದಮ್ಮ ಹತ್ತು ದಿನ ಅಲ್ಲೇ ಇದ್ದಳು. ಆಮೇಲೆ ಬಾಣಂತನಕ್ಕೆ ಅಂತ ಮಗಳ ಊರಿಗೆ ಹೋದಳು.

ಕೋರ್ಟಿನಲ್ಲಿ ಜವಾನರು ಸಿದ್ದಮ್ಮನ ಹೆಸರು ಕೂಗಿದರು. ಯಾರೂ ಓಗೊಡಲಿಲ್ಲ. ಅವಳ ಪರವಾಗಿ ವಕೀಲರೂ ಇರಲಿಲ್ಲ. ಆಗ ನ್ಯಾಯಾಧೀಶರು "ಪ್ರತಿವಾದಿ ಏಕಪಕ್ಷೀಯ" ಅಂತ ಬರೆದರು. ವಕೀಲರು ಇದಕ್ಕೆ ಎಕ್ಸ್ ಪಾರ್ಟಿ ಅಂತಾರೆ. ಅಂದರೆ ಇನ್ನು ಮುಂದೆ ಒಂದು ಕಡೆಯವರ ಮಾತು ಮಾತ್ರ ಕೇಳುತ್ತಾರೆ.

ಅಷ್ಟಕ್ಕೇ ಸಿದ್ದಮ್ಮ ಸೋತಳು ಅಂತ ಅಲ್ಲ. ಪ್ರತಿವಾದಿ ಬರಲಿಲ್ಲ ಅಂತ ವಾದಿ ಕೇಳಿದ್ದೆಲ್ಲ ತಾನಾಗಿ ಸಿಗುವುದಿಲ್ಲ. ವಾದಿ ಬಂದು ಪ್ರಮಾಣ ಮಾಡಿ ಸಾಕ್ಷಿ ಕೊಡಬೇಕು. ಕಾಗದ ತೋರಿಸಬೇಕು. ಯಜಮಾನರು ಪ್ರಮಾಣಪತ್ರ ಕೊಟ್ಟರು. ಪ್ರೋನೋಟು ತೋರಿಸಿದರು. ಅದರ ಮೇಲೆ ಸಿದ್ದಮ್ಮನ ಹೆಬ್ಬೆಟ್ಟು ಇತ್ತು. "ನಡುವೆ ಏನಾದರೂ ಹಣ ಬಂತಾ?" ಅಂತ ಎದುರಿನಿಂದ ಕೇಳುವವರು ಯಾರೂ ಇರಲಿಲ್ಲ. ಬ್ಯಾಂಕಿನ ಲೆಕ್ಕ ತೋರಿಸುವವರೂ ಇರಲಿಲ್ಲ. ನ್ಯಾಯಾಧೀಶರು ಕಣ್ಣ ಮುಂದೆ ಇರುವ ಕಾಗದ ನೋಡಿಯೇ ತೀರ್ಮಾನ ಮಾಡಬೇಕು.

ನವೆಂಬರ್ 20ಕ್ಕೆ ತೀರ್ಪು ಬಂತು. ಸಿದ್ದಮ್ಮ 74,400 ರೂಪಾಯಿ ಕೊಡಬೇಕು. ದಾವೆ ಹಾಕಿದ ದಿನದಿಂದ ಬಡ್ಡಿ ಬೇರೆ. ಯಜಮಾನರು ಕಟ್ಟಿದ ಕೋರ್ಟು ಶುಲ್ಕವೂ ಅವಳ ತಲೆಗೇ.

ತೀರ್ಪು, ಡಿಕ್ರಿ ಅಂತ ಎರಡು ಮಾತು ಕೇಳುತ್ತೀರಿ. ತೀರ್ಪು ಅಂದರೆ ನ್ಯಾಯಾಧೀಶರು ಯಾಕೆ ಹೀಗೆ ಹೇಳಿದರು ಅಂತ ಕಾರಣ ಸಮೇತ ಬರೆದದ್ದು. ಡಿಕ್ರಿ ಅಂದರೆ ಅದರ ಫಲ. ಯಾರು ಯಾರಿಗೆ ಎಷ್ಟು ಕೊಡಬೇಕು, ಖರ್ಚು ಯಾರದು ಅಂತ ಚಿಕ್ಕದಾಗಿ ಬೇರೆ ಕಾಗದದಲ್ಲಿ ಬರೆಯುತ್ತಾರೆ. ವಸೂಲಿಗೆ ಬರುವಾಗ ಹಿಡಿದುಕೊಂಡು ಬರುವುದು ಈ ಡಿಕ್ರಿಯನ್ನು.

ಆಗಸ್ಟ್ 18ರಿಂದ ನವೆಂಬರ್ 20ರ ತನಕ ಮೂರು ತಿಂಗಳು ಇತ್ತು ನೋಡಿ. ಈ ಮೂರು ತಿಂಗಳಲ್ಲಿ ಯಾವಾಗ ಬೇಕಾದರೂ ಸಿದ್ದಮ್ಮ ಕೋರ್ಟಿಗೆ ಬಂದು, "ಆ ದಿನ ನಾನು ಆಸ್ಪತ್ರೆಯಲ್ಲಿದ್ದೆ, ನನ್ನ ಮಾತೂ ಕೇಳಿ" ಅಂತ ಅರ್ಜಿ ಕೊಡಬಹುದಿತ್ತು. ಸರಿಯಾದ ಕಾರಣ ಇದ್ದರೆ ಏಕಪಕ್ಷೀಯ ಅನ್ನುವ ಆಜ್ಞೆಯನ್ನು ಆ ಹಂತದಲ್ಲಿ ತೆಗೆಸುವುದು ಅಷ್ಟು ಕಷ್ಟ ಅಲ್ಲ. ತೀರ್ಪು ಆದ ಮೇಲೆ ಕಷ್ಟ. ತಾರೀಕು ತಪ್ಪಿತು, ಇನ್ನೇನು ಅಂತ ಕೂರುವವರೇ ಹೆಚ್ಚು. ತಾರೀಕು ತಪ್ಪಿದ ಮಾರನೇ ದಿನವಾದರೂ ಹೋಗಬೇಕು.

2024ರ ಫೆಬ್ರವರಿಯಲ್ಲಿ ಅಮೀನರು ಮತ್ತೆ ಬಂದರು. ಈ ಸಲ ಅವರ ಕೈಯಲ್ಲಿ ಇದ್ದದ್ದು ಸಮನ್ಸು ಅಲ್ಲ, ಜಪ್ತಿ ವಾರಂಟು. ಯಜಮಾನರು ಅಮಲ್ಜಾರಿ ಅರ್ಜಿ ಹಾಕಿದ್ದರು. ಅಮಲ್ಜಾರಿ ಅಂದರೆ ಡಿಕ್ರಿಯನ್ನು ಜಾರಿಗೆ ತರುವುದು. ಡಿಕ್ರಿ ಆಗಿ ಹನ್ನೆರಡು ವರ್ಷದ ತನಕ ಇದನ್ನು ಮಾಡಬಹುದು. ಎರಡು ವರ್ಷದ ಒಳಗೆ ಬಂದರೆ ಜಪ್ತಿಗೆ ಮೊದಲು ಇನ್ನೊಂದು ನೋಟೀಸು ಕೊಡಲೇಬೇಕು ಅಂತ ಸಾಮಾನ್ಯವಾಗಿ ಇಲ್ಲ. ಹೀಗಾಗಿ ಡಿಕ್ರಿ ಆದದ್ದು ಸಿದ್ದಮ್ಮನಿಗೆ ಗೊತ್ತಾದದ್ದೇ ಅವತ್ತು.

ಅಂಗಳದಲ್ಲಿ ಜನ ಸೇರಿದರು. "ಸಿದ್ದಮ್ಮನ್ನ ಜೈಲಿಗೆ ಹಾಕ್ತಾರಂತೆ" ಅಂತ ಯಾರೋ ಅಂದರು. ಈ ಮಾತು ಕೇಳಿಯೇ ನಮ್ಮ ಹೆಂಗಸರು ಕೊರಳ ಸರ ಬಿಚ್ಚಿ ಕೊಡುತ್ತಾರೆ. ಆದ್ದರಿಂದ ಇದನ್ನು ನಿಧಾನವಾಗಿ ಹೇಳುತ್ತೇನೆ.

ಹಣದ ಡಿಕ್ರಿಗಾಗಿ ಹೆಂಗಸನ್ನು ಹಿಡಿಯುವ ಹಾಗಿಲ್ಲ, ಜೈಲಿಗೆ ಹಾಕುವ ಹಾಗಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆ ಅನ್ನುವ 1908ರ ಕಾನೂನಿನ 56ನೇ ಕಲಮಿನಲ್ಲಿ ಹೀಗೆ ಸ್ಪಷ್ಟವಾಗಿ ಇದೆ. ಗಂಡಸರಿಗೆ ಈ ರಕ್ಷಣೆ ಇಲ್ಲ, ಹೆಂಗಸರಿಗೆ ಇದೆ.

ಎಲ್ಲ ಸಾಮಾನನ್ನೂ ಹೊರಗೆ ಹಾಕುವ ಹಾಗೂ ಇಲ್ಲ. ಅದೇ ಕಾನೂನಿನ 60ನೇ ಕಲಮಿನಲ್ಲಿ ಯಾವುದನ್ನು ಜಪ್ತಿ ಮಾಡಬಾರದು ಅಂತ ಪಟ್ಟಿ ಇದೆ. ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ ಹೊದಿಕೆ ಮುಟ್ಟಬಾರದು. ಧರ್ಮದ ರೂಢಿಯಂತೆ ಹೆಂಗಸು ಮೈಮೇಲಿಂದ ತೆಗೆಯಬಾರದ ಒಡವೆ ಮುಟ್ಟಬಾರದು. ತಾಳಿ ಅಂಥದ್ದು. ಬೇಸಾಯಗಾರರಾದರೆ ನೇಗಿಲು ಮುಂತಾದ ಸಲಕರಣೆ, ಮತ್ತು ಹೊಟ್ಟೆಪಾಡಿಗೆ ಬೇಕಾದಷ್ಟು ದನ, ಬಿತ್ತನೆ ಬೀಜ ಬಿಡಬೇಕು. ಬೇಸಾಯಗಾರರು ವಾಸವಾಗಿರುವ ಮನೆಯನ್ನೂ ಬಿಡಬೇಕು. ಬಡಗಿ, ಕಮ್ಮಾರ, ದರ್ಜಿ ಇಂಥ ಕಸುಬಿನವರ ಹತ್ಯಾರ ಬಿಡಬೇಕು. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಜಪ್ತಿಗಾಗಿ ಮನೆಯೊಳಗೆ ಬರಬಾರದು.

ಆದರೆ ಉಳಿದದ್ದಕ್ಕೆ ರಕ್ಷಣೆ ಇಲ್ಲ. ಟಿ.ವಿ., ಬೀರು, ಕೈಬಳೆ, ಬ್ಯಾಂಕಿನ ಉಳಿತಾಯ, ಕೊನೆಗೆ ಹೊಲ. ಸಿದ್ದಮ್ಮನ ಎರಡು ಎಕರೆ ಹೊಲವನ್ನು ಜಪ್ತಿ ಮಾಡಿ ಹರಾಜು ಹಾಕಬಹುದಿತ್ತು. ಒಂದು ಸಮನ್ಸಿಗೆ ಬೆನ್ನು ತಿರುಗಿಸಿದ್ದಕ್ಕೆ ಬಂದ ಗಂಡಾಂತರ ಇದು. ಜೈಲಲ್ಲ, ಹೊಲ.

ಅವತ್ತು ಸಿದ್ದಮ್ಮನ ಮಗಳು ಬುದ್ಧಿ ಓಡಿಸಿದಳು. ವಾರಂಟಿನ ಮೇಲಿದ್ದ ಎರಡು ನಂಬರನ್ನೂ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡಳು. ಮಾರನೇ ದಿನವೇ ತಾಯಿ ಮಗಳು ತಾಲ್ಲೂಕು ಕೋರ್ಟಿಗೆ ಹೋದರು. ಕೋರ್ಟಿನ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿ ಇರುತ್ತದೆ. ಅಲ್ಲಿ ಹೆಂಗಸರಿಗೆ ವಕೀಲರನ್ನು ಪುಕ್ಕಟೆ ಕೊಡುತ್ತಾರೆ. ಆದಾಯ ಎಷ್ಟು ಅಂತ ನೋಡುವುದಿಲ್ಲ. ಹೆಣ್ಣು ಅನ್ನುವುದೊಂದೇ ಸಾಕು. 1987ರ ಕಾನೂನು ಸೇವೆಗಳ ಕಾಯಿದೆಯಲ್ಲಿ ಇದು ಇದೆ. ಎಲ್ಲಿಗೆ ಹೋಗಬೇಕು ತಿಳಿಯದಿದ್ದರೆ 15100 ನಂಬರಿಗೆ ಫೋನು ಮಾಡಿ ಕೇಳಬಹುದು. ಇದಕ್ಕೆ ದುಡ್ಡಿಲ್ಲ.

ಅಲ್ಲಿ ಸಿಕ್ಕಿದ ವಕೀಲರು ಒಬ್ಬ ಹೆಂಗಸು. ಎಲ್ಲ ಕೇಳಿಕೊಂಡರು. ಮೈದುನನೂ ಜೊತೆಗೆ ಹೋಗಿದ್ದ. "ಸಮನ್ಸು ಬರಲೇ ಇಲ್ಲ ಅಂತ ಬರೆದುಬಿಡಿ ಮೇಡಂ" ಅಂದ. ವಕೀಲಮ್ಮ ತಲೆಯಾಡಿಸಿದರು. "ಅಮೀನರ ವರದಿ ಇದೆಯಲ್ಲಪ್ಪಾ. ನೋಡಿದವರ ಹೆಸರಿದೆ. ಸುಳ್ಳು ಬರೆದರೆ ನಿಜವಾದ ಕಾರಣವನ್ನೂ ಯಾರೂ ನಂಬಲ್ಲ" ಅಂದರು.

ಇಲ್ಲಿ ಕಾನೂನು ಏನು ಹೇಳುತ್ತದೆ ಅಂದರೆ, ಏಕಪಕ್ಷೀಯ ಡಿಕ್ರಿಯನ್ನು ತೆಗೆದುಹಾಕಿ ಅಂತ ಅದೇ ಕೋರ್ಟಿಗೆ ಅರ್ಜಿ ಕೊಡಬಹುದು. ಅದಕ್ಕೆ ಎರಡು ಕಾರಣಗಳಲ್ಲಿ ಒಂದು ಬೇಕು. ಸಮನ್ಸು ಸರಿಯಾಗಿ ಜಾರಿಯಾಗಿರಲಿಲ್ಲ ಅನ್ನುವುದು ಒಂದು. ಜಾರಿಯಾಗಿತ್ತು, ಆದರೆ ಆ ದಿನ ಬರಲಾಗದಂಥ ತಕ್ಕ ಕಾರಣ ಇತ್ತು ಅನ್ನುವುದು ಇನ್ನೊಂದು. ಅರ್ಜಿಯನ್ನು ಡಿಕ್ರಿಯಾದ 30 ದಿನದೊಳಗೆ ಕೊಡಬೇಕು. ಸಮನ್ಸು ಸರಿಯಾಗಿ ಜಾರಿಯಾಗದೇ ಇದ್ದರೆ ಆ 30 ದಿನ ಡಿಕ್ರಿಯ ವಿಷಯ ಗೊತ್ತಾದ ದಿನದಿಂದ ಶುರುವಾಗುತ್ತದೆ.

ಸಿದ್ದಮ್ಮನ ಬಾಗಿಲಿಗೆ ಸಮನ್ಸು ಅಂಟಿತ್ತು. ಆದ್ದರಿಂದ ಅವಳ 30 ದಿನ ಡಿಸೆಂಬರ್ 20ಕ್ಕೇ ಮುಗಿದಿತ್ತು. ವಕೀಲಮ್ಮ ಎರಡು ಅರ್ಜಿ ಬರೆದರು. ತಡವಾದದ್ದನ್ನು ಮನ್ನಿಸಿ ಅಂತ ಒಂದು, ಡಿಕ್ರಿ ತೆಗೆದುಹಾಕಿ ಅಂತ ಇನ್ನೊಂದು. ಮಗಳ ಆಸ್ಪತ್ರೆ ಚೀಟಿಯನ್ನು ಜೊತೆಗೆ ಇಟ್ಟರು. ಅದರಲ್ಲಿ ಸೇರಿಸಿದ ದಿನ, ಬಿಡುಗಡೆಯಾದ ದಿನ ಎರಡೂ ಇದ್ದವು. ಆಗಸ್ಟ್ 18 ಆ ಎರಡರ ನಡುವೆ ಬರುತ್ತಿತ್ತು. ಆಮೇಲೆ ಮಗುವಿಗೆ ತೂಕ ಬರದೆ ತಿಂಗಳುಗಟ್ಟಲೆ ಆಸ್ಪತ್ರೆಗೆ ಅಲೆದ ಚೀಟಿಗಳೂ ಇದ್ದವು. ಕಾಗದ ತಗೊಳ್ಳದಿದ್ದರೆ ಕೇಸು ಹೋಗಲ್ಲ ಅಂತ ನಂಬಿದ್ದೆ ಅನ್ನುವುದನ್ನೂ ಮರೆಮಾಚದೆ ಬರೆಸಿದರು. ಅದು ಕಾನೂನಿನಲ್ಲಿ ಕಾರಣ ಆಗುವುದಿಲ್ಲ. ಆದರೆ ಅದು ನಿಜ.

ಇಂಥ ಅರ್ಜಿಗೆ ಕೋರ್ಟು ಒಪ್ಪಲೇಬೇಕು ಅಂತ ಇಲ್ಲ. ಆಸ್ಪತ್ರೆ ಚೀಟಿ ಇಲ್ಲದೆ ಬರಿಯ ಬಾಯಿಮಾತಿನಲ್ಲಿ ಹೋಗಿದ್ದರೆ ಸಿದ್ದಮ್ಮನ ಅರ್ಜಿ ಬಿದ್ದುಹೋಗುವ ಸಾಧ್ಯತೆಯೇ ಹೆಚ್ಚು. ಅವಳ ಪುಣ್ಯ, ನ್ಯಾಯಾಧೀಶರು ಒಪ್ಪಿದರು. ಆದರೆ ಷರತ್ತು ಹಾಕಿದರು. ಯಜಮಾನರಿಗೆ ಆದ ತೊಂದರೆಗೆ 1,500 ರೂಪಾಯಿ ಖರ್ಚು ಕೊಡಬೇಕು. ಒಂದು ತಿಂಗಳೊಳಗೆ 20,000 ರೂಪಾಯಿ ಕೋರ್ಟಿನಲ್ಲಿ ಕಟ್ಟಬೇಕು. ಕಟ್ಟಿದರೆ ಡಿಕ್ರಿ ರದ್ದು, ಜಪ್ತಿಯೂ ನಿಂತಿತು. ಕಟ್ಟದಿದ್ದರೆ ಹಳೆಯದೇ ಖಾಯಂ. ಸಿದ್ದಮ್ಮ ಸ್ತ್ರೀಶಕ್ತಿ ಸಂಘದಿಂದ ಸಾಲ ಎತ್ತಿ ಕಟ್ಟಿದಳು. ರಸೀದಿ ಇಸಿದುಕೊಂಡಳು. ಈ ಸಲ ಮರೆಯಲಿಲ್ಲ.

ದಾವೆ ಹೊಸದಾಗಿ ನಡೆಯಿತು. ಈಗ ಎರಡು ಕಡೆಯವರೂ ಇದ್ದಾರೆ. ಅದು ಹೇಗೆ ನಡೆಯುತ್ತದೆ ಅಂತ ನೋಡಿ.

ಮೊದಲು ಪ್ರತಿವಾದಿ ತನ್ನ ಉತ್ತರ ಬರೆದು ಕೊಡಬೇಕು. ಇದಕ್ಕೆ ಲಿಖಿತ ಹೇಳಿಕೆ ಅಂತಾರೆ. ಜನ ತಕರಾರು ಹಾಕುವುದು ಅಂತಾರೆ. ಸಮನ್ಸು ಕೈಸೇರಿದ 30 ದಿನದಲ್ಲಿ ಇದನ್ನು ಕೊಡಬೇಕು. ಕಾರಣ ಹೇಳಿದರೆ ಕೋರ್ಟು 90 ದಿನದ ತನಕ ಸಮಯ ಕೊಡಬಹುದು. ಅದೂ ಕಳೆದರೆ ಬಹಳ ಕಷ್ಟ. ಅದಕ್ಕೇ ಹೇಳಿದ್ದು, ಕಾಗದ ಬಂದ ದಿನವನ್ನು ಬೆನ್ನಿಗೆ ಬರೆದಿಡಿ ಅಂತ.

ವಕೀಲಮ್ಮ ಸಿದ್ದಮ್ಮನ ಪರವಾಗಿ ಸಾಲವನ್ನು ಇಲ್ಲ ಅನ್ನಲಿಲ್ಲ. ಹೆಬ್ಬೆಟ್ಟು ನನ್ನದೇ, ಹಣ ತಗೊಂಡದ್ದು ನಿಜ, ಆದರೆ 2022ರ ಜೂನ್‌ನಲ್ಲಿ 30,000 ಕೊಟ್ಟಿದ್ದೇನೆ, ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ, ಅಂತ ಬರೆದರು. ಬ್ಯಾಂಕಿನಿಂದ ಸಹಿ ಮೊಹರು ಇರುವ ಲೆಕ್ಕದ ಪ್ರತಿ ತರಿಸಿ ಜೊತೆಗೆ ಇಟ್ಟರು. ಎಲ್ಲವನ್ನೂ ಇಲ್ಲ ಅಂದಿದ್ದರೆ ಆ ಮೂವತ್ತು ಸಾವಿರ ಯಾಕೆ ಕೊಟ್ಟೆ ಅಂತ ಪ್ರಶ್ನೆ ಬರುತ್ತಿತ್ತು.

ಎರಡೂ ಕಡೆಯ ಬರಹ ಓದಿ ನ್ಯಾಯಾಧೀಶರು ಜಗಳ ಇರುವುದು ಯಾವುದರಲ್ಲಿ ಅಂತ ಬೇರೆ ಮಾಡಿ ಬರೆಯುತ್ತಾರೆ. ಇವು ವಿವಾದಾಂಶಗಳು. ಇಲ್ಲಿ ಇದ್ದದ್ದು ಒಂದೇ ದೊಡ್ಡ ಪ್ರಶ್ನೆ. ಆ 30,000 ಈ ಸಾಲಕ್ಕೆ ಕೊಟ್ಟದ್ದಾ, ಬೇರೆಯದಕ್ಕಾ? ನಡುವೆ ರಾಜಿಗೂ ಕಳಿಸಿದ್ದರು. ಲೋಕ ಅದಾಲತ್‌ನಲ್ಲಿ ಕೂತು ಮಾತಾಡಿದರೆ ಬೇಗ ಮುಗಿಯುತ್ತದೆ, ವಾದಿ ಕಟ್ಟಿದ ಕೋರ್ಟು ಶುಲ್ಕವೂ ವಾಪಸು ಬರುತ್ತದೆ. ಯಜಮಾನರು ಪೂರ್ತಿ ಬೇಕು ಅಂತ ಕೂತರು. ರಾಜಿ ಆಗಲಿಲ್ಲ.

ಆಮೇಲೆ ಸಾಕ್ಷಿ. ಯಜಮಾನರು ಪ್ರಮಾಣಪತ್ರ ಕೊಟ್ಟ ಮೇಲೆ ವಕೀಲಮ್ಮ ಪಾಟೀ ಸವಾಲು ಮಾಡಿದರು. ಪಾಟೀ ಸವಾಲು ಅಂದರೆ ಒಬ್ಬರು ಹೇಳಿದ ಸಾಕ್ಷಿಯನ್ನು ಎದುರಿನವರು ಪ್ರಶ್ನೆ ಕೇಳಿ ಪರೀಕ್ಷೆ ಮಾಡುವುದು. ಏಕಪಕ್ಷೀಯ ಆದಾಗ ಇಲ್ಲದೇ ಹೋದದ್ದು ಇದೇ.

"ಈ ದಿನ ನಿಮ್ಮ ಖಾತೆಗೆ 30,000 ರೂಪಾಯಿ ಬಂದಿದೆಯಾ?"

"ಬಂದಿದೆ. ಅದು ಗೊಬ್ಬರದ ಬಾಕಿ."

"ಗೊಬ್ಬರ ಕೊಟ್ಟದ್ದಕ್ಕೆ ಬಿಲ್ಲು ಇದೆಯಾ?"

"ಅಂಗಡಿಯಲ್ಲಿದೆ."

"ಕೋರ್ಟಿಗೆ ತಂದಿದ್ದೀರಾ?"

"ಇಲ್ಲ."

"ಎರಡು ಎಕರೆಗೆ ಆ ವರ್ಷ 30,000 ರೂಪಾಯಿ ಗೊಬ್ಬರ ಕೊಟ್ಟಿರಾ?"

ಯಜಮಾನರು ಸುಮ್ಮನಾದರು. ಮುಂದಿನ ತಾರೀಕಿಗೂ ಬಿಲ್ಲು ಬರಲಿಲ್ಲ.

ಆಮೇಲೆ ಸಿದ್ದಮ್ಮನ ಸರದಿ. ಕಟಕಟೆಯಲ್ಲಿ ನಿಂತಾಗ ಅವಳ ಗಂಟಲು ಒಣಗಿತ್ತಂತೆ. ಯಜಮಾನರ ವಕೀಲರು ಕೇಳಿದ್ದಕ್ಕೆಲ್ಲ ಗೊತ್ತಿದ್ದದ್ದಕ್ಕೆ ಹೌದು, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅಂದಳು. ಅಷ್ಟೇ ಸಾಕು. ಎರಡು ಕಡೆಯ ವಕೀಲರೂ ವಾದ ಹೇಳಿದರು.

ನಡುವೆ ತಾರೀಕುಗಳು ಎಷ್ಟೋ ಮುಂದಕ್ಕೆ ಹೋದವು. ಒಂದು ದಿನ ನ್ಯಾಯಾಧೀಶರು ರಜೆ, ಒಂದು ದಿನ ಯಜಮಾನರ ವಕೀಲರಿಗೆ ಬೇರೆ ಕೋರ್ಟಿನಲ್ಲಿ ಕೆಲಸ. ಬಸ್ಸಿನ ದುಡ್ಡು, ಒಂದು ದಿನದ ಕೂಲಿ ಹೋಗುತ್ತದೆ. ಇದನ್ನು ನಾನು ಮುಚ್ಚಿಡುವುದಿಲ್ಲ. ಮಗಳು ಮೊಬೈಲಿನಲ್ಲಿ ಇ-ಕೋರ್ಟ್ಸ್ ಅನ್ನುವ ಸರಕಾರದ ಆ್ಯಪ್‌ನಲ್ಲಿ ದಾವೆಯ ನಂಬರು ಹಾಕಿ ಮುಂದಿನ ತಾರೀಕು ನೋಡಿ ಹೇಳುತ್ತಿದ್ದಳು. ವಾದಿಗೂ ತಾರೀಕು ಮುಖ್ಯವೇ. ಕರೆದ ದಿನ ಪ್ರತಿವಾದಿ ಬಂದು ವಾದಿ ಬರದಿದ್ದರೆ ಅವರ ದಾವೆ ವಜಾ ಆಗಬಹುದು.

ಕೊನೆಗೆ 2025ರಲ್ಲಿ ತೀರ್ಪು ಬಂತು. ಲೆಕ್ಕ ಹೀಗಾಯಿತು. ನೀವೂ ಸ್ಲೇಟಿನ ಮೇಲೆ ಮಾಡಿ ನೋಡಿ. ಮೊದಲನೇ ವರ್ಷದ ಬಡ್ಡಿ 7,200. ಕೊಟ್ಟ 30,000ದಲ್ಲಿ ಮೊದಲು ಆ ಬಡ್ಡಿ ಕಳೆಯಬೇಕು. ಉಳಿದದ್ದು 22,800. ಅದನ್ನು ಅಸಲಿನಿಂದ ಕಳೆದರೆ ಅಸಲು 37,200ಕ್ಕೆ ಇಳಿಯಿತು. ಎರಡನೇ ವರ್ಷದ ಬಡ್ಡಿ ಇಷ್ಟಕ್ಕೆ ಮಾತ್ರ. ಅದು 4,464. ಒಟ್ಟು 41,664 ರೂಪಾಯಿ. ಹಿಂದಿನ ಡಿಕ್ರಿಯಲ್ಲಿ 74,400 ಇತ್ತು. ವ್ಯತ್ಯಾಸ 32,736 ರೂಪಾಯಿ. ದಾವೆ ಹಾಕಿದ ಮೇಲಿನ ಬಡ್ಡಿಯೂ ಈಗ ಕಡಿಮೆ ಮೊತ್ತದ ಮೇಲೆ.

ತೀರ್ಪಿನ ದಿನಕ್ಕೆ ಮೊದಲೇ ವಕೀಲಮ್ಮ ಇನ್ನೊಂದು ಕೆಲಸ ಮಾಡಿದ್ದರು. ಕಂತಿನಲ್ಲಿ ಕಟ್ಟಲು ಅವಕಾಶ ಕೊಡಿ ಅಂತ ಕೇಳಿದ್ದರು. ಡಿಕ್ರಿ ಮಾಡುವಾಗ ಕೋರ್ಟೇ ಕಂತು ಕೊಡಬಹುದು. ಡಿಕ್ರಿ ಆದ ಮೇಲೆ ಕೇಳಿದರೆ ಹಣ ಬರಬೇಕಾದವರ ಒಪ್ಪಿಗೆ ಬೇಕಾಗುತ್ತದೆ. ಕೋರ್ಟಿನಲ್ಲಿ ಕಟ್ಟಿದ್ದ 20,000 ಕಳೆದು ಉಳಿದದ್ದನ್ನು ಬಡ್ಡಿ ಖರ್ಚು ಸೇರಿಸಿ ಆರು ಕಂತಿನಲ್ಲಿ ಕಟ್ಟಬೇಕು ಅಂತ ಆಯಿತು.

ಕಂತು ಕಟ್ಟುವಾಗ ಒಂದು ಜಾಗ್ರತೆ ಬೇಕು. ಹಣವನ್ನು ಕೋರ್ಟಿನಲ್ಲೇ ಕಟ್ಟಿದರೆ ಒಳ್ಳೆಯದು. ನೇರ ಅವರಿಗೇ ಕೊಟ್ಟರೆ ಬ್ಯಾಂಕಿನ ಮೂಲಕ ಕೊಡಿ, ಮತ್ತು ಕೊಟ್ಟ 30 ದಿನದೊಳಗೆ ಅದನ್ನು ಕೋರ್ಟಿನಲ್ಲಿ ದಾಖಲು ಮಾಡಿಸಿ. ಕೋರ್ಟಿನ ಹೊರಗೆ ಕೊಟ್ಟು ದಾಖಲು ಮಾಡಿಸದೆ ಇದ್ದರೆ ಅಮಲ್ಜಾರಿ ಕೋರ್ಟು ಆ ಹಣವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮತ್ತೆ ಅದೇ ಹಣಕ್ಕೆ ಅಮೀನರು ಬರಬಹುದು.

ಇನ್ನೊಂದು ಮಾತು ಬಿಟ್ಟುಹೋಗಿತ್ತು. ಕೆಲವು ಸಲ ಸಮನ್ಸು ಪ್ರತಿವಾದಿಗೆ ಬರುವುದಿಲ್ಲ, ಸಾಕ್ಷಿಗೆ ಬರುತ್ತದೆ. ಪಕ್ಕದ ಮನೆಯವರ ಪಾಲುದಾವೆಯಲ್ಲಿ ನೀವು ಸಾಕ್ಷಿ ಹೇಳಬೇಕಾಗಬಹುದು. ಸಾಕ್ಷಿ ಸಮನ್ಸು ಬಂದಾಗ ಸುಮ್ಮನಿದ್ದರೆ ಕತೆ ಬೇರೆ. ಕೋರ್ಟು ದಂಡ ಹಾಕಬಹುದು, ಕರೆತರಲು ವಾರಂಟು ಕೂಡ ಕೊಡಬಹುದು. ಕಾಗದದಲ್ಲಿ ನಿಮ್ಮ ಹೆಸರಿನ ಮುಂದೆ ಪ್ರತಿವಾದಿ ಅಂತ ಇದೆಯೋ, ಸಾಕ್ಷಿ ಅಂತ ಇದೆಯೋ ನೋಡಿ.

ಅಕ್ಕಿ ಡಬ್ಬಿಯ ಅಕ್ಕನ ವಿಷಯ ಕೇಳುತ್ತೀರಿ ಅಂತ ಗೊತ್ತು. ಅವರದು ಅಣ್ಣ ತಮ್ಮಂದಿರು ಹಾಕಿದ ಪಾಲುದಾವೆ. ಅವರೂ ಪಾಲುದಾರರು ಅಂತಲೇ ಪ್ರತಿವಾದಿ ಮಾಡಿದ್ದಾರೆ. ತಾರೀಕಿಗೆ ಇನ್ನೂ ಹನ್ನೆರಡು ದಿನ ಇದೆ. ನಿನ್ನೆ ನಾನೂ ಅವರೂ ಬೆಳಗಿನ ಬಸ್ಸಿಗೆ ತಾಲ್ಲೂಕಿಗೆ ಹೋಗಿ ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಬರೆದು ಕೊಟ್ಟು ಬಂದೆವು. ಅರ್ಜಿಯ ಕೆಳಗೆ ಅವರು ಹೆಬ್ಬೆಟ್ಟು ಒತ್ತಲಿಲ್ಲ. ಸಹಿ ಹಾಕಿದರು.